ತಿಂಗಳು ನಿಲ್ಲುವ ಮೊದಲೇ ನುಂಗಬೇಕಾದ ಮಾತ್ರೆ

ಸೊಸೆಗೆ ಮುಟ್ಟು ತಪ್ಪಿ ಹತ್ತು ದಿನವಾಯಿತು ಅಂದರೆ ನಮ್ಮ ಮನೆಗಳಲ್ಲಿ ಪಿಸುಮಾತು ಶುರುವಾಗುತ್ತದೆ. "ಈಗಲೇ ಯಾರಿಗೂ ಹೇಳೋದು ಬೇಡಮ್ಮ, ಇನ್ನೂ ನಾಲ್ಕು ದಿನ ನೋಡೋಣ" ಅನ್ನುತ್ತಾರೆ ಅತ್ತೆ. ಆ ನಾಲ್ಕು ದಿನ ಹದಿನೈದಾಗುತ್ತದೆ. ಆಮೇಲೆ ಒಳ್ಳೆಯ ದಿನ ನೋಡಿ ಲೇಡಿ ಡಾಕ್ಟರ ಬಳಿಗೆ ಹೋಗುತ್ತಾರೆ. ಅವರು ಪರೀಕ್ಷಿಸಿ, ಮುಗುಳ್ನಕ್ಕು, ಒಂದು ಚಿಕ್ಕ ಹಳದಿ ಮಾತ್ರೆ ಬರೆದುಕೊಡುತ್ತಾರೆ. ಅದೇ ಫೋಲಿಕ್ ಆಮ್ಲ. ಸೊಸೆ ಅಂದು ರಾತ್ರಿಯಿಂದಲೇ ತಪ್ಪದೆ ನುಂಗುತ್ತಾಳೆ.

ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ಆದರೆ ಆ ಮಾತ್ರೆ ಮಾಡಬೇಕಾದ ಅತಿ ಮುಖ್ಯ ಕೆಲಸದ ಹೊತ್ತು ಅಷ್ಟರಲ್ಲಿ ಕಳೆದುಹೋಗಿತ್ತು! ಯಾಕೆ ಹೀಗೆ ಹೇಳುತ್ತೇನೆ ಅಂತ ತಿಳಿಯಬೇಕಾದರೆ, ಸೋದರಿಯರೇ, ಮಗು ಹೊಟ್ಟೆಯಲ್ಲಿ ಮೂಡುವ ಮೊದಲ ನಾಲ್ಕು ವಾರಗಳಲ್ಲಿ ಏನಾಗುತ್ತದೆ ಎಂದು ನೋಡಬೇಕು.

ಕರ್ಜಿಕಾಯಿಯ ಅಂಚು

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣ ಒಂದು ಪುಟ್ಟ ಹಾಳೆಯಂತೆ ಇರುತ್ತದೆ. ಅದರ ಬೆನ್ನಿನ ಉದ್ದಕ್ಕೂ ಒಂದು ಪಟ್ಟಿ ದಪ್ಪವಾಗುತ್ತದೆ. ನಡುವೆ ತಗ್ಗು ಬೀಳುತ್ತದೆ, ಎರಡೂ ಅಂಚುಗಳು ಮೇಲೆದ್ದು ಒಂದನ್ನೊಂದು ಮುಟ್ಟಿ ಕೂಡಿಕೊಳ್ಳುತ್ತವೆ. ನಾವು ಕರ್ಜಿಕಾಯಿಗೆ ಹೂರಣ ತುಂಬಿ, ಹಾಳೆ ಮಡಚಿ, ಅಂಚು ಒತ್ತುತ್ತೇವಲ್ಲ, ಹಾಗೆಯೇ. ಒತ್ತುವ ಕೆಲಸ ನಡುವಿನಿಂದ ಶುರುವಾಗಿ ಒಂದು ಕಡೆ ತಲೆಯತ್ತ, ಇನ್ನೊಂದು ಕಡೆ ಸೊಂಟದತ್ತ ಸಾಗುತ್ತದೆ. ಹೀಗೆ ಆದ ಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ವೈದ್ಯರು ಇದನ್ನು ನರನಾಳ ಅನ್ನುತ್ತಾರೆ.

ಕರ್ಜಿಕಾಯಿಯ ಅಂಚು ಒಂದು ಕಡೆ ಬಿಟ್ಟುಕೊಂಡರೂ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ನರನಾಳವೂ ಅಷ್ಟೇ. ಕೆಳಗಿನ ತುದಿಯಲ್ಲಿ ಕೂಡದೇ ಹೋದರೆ ಮಗುವಿನ ಬೆನ್ನುಹುರಿ ತೆರೆದುಕೊಂಡೇ ಇರುತ್ತದೆ. ಇದಕ್ಕೆ ಸ್ಪೈನಾ ಬೈಫಿಡಾ ಎಂದು ಹೆಸರು. ಹುಟ್ಟಿದ ಮಗುವಿಗೆ ಬೆನ್ನಿನ ಮೇಲೆ ನೀರಿನ ಚೀಲದಂಥ ಗಂಟು, ಕಾಲುಗಳಲ್ಲಿ ಬಲವಿಲ್ಲದಿರುವುದು, ಮಲಮೂತ್ರದ ಮೇಲೆ ಹಿಡಿತವಿಲ್ಲದಿರುವುದು ಕಾಣಬಹುದು. ತಲೆಯ ಕಡೆ ಕೂಡದಿದ್ದರೆ ಮಿದುಳು, ತಲೆಬುರುಡೆಗಳೇ ಬೆಳೆಯುವುದಿಲ್ಲ. ಅಂಥ ಮಗು ಉಳಿಯುವುದಿಲ್ಲ.

ಅಂಚು ಕೂಡುವಾಗ ಜೀವಕೋಶಗಳು ಬಹು ವೇಗವಾಗಿ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿರುತ್ತವೆ. ಪ್ರತಿ ಹೊಸ ಕೋಶಕ್ಕೂ ವಂಶವಾಹಿಯ ಹೊಸ ಪ್ರತಿ ಬೇಕು. ಆ ಪ್ರತಿ ತಯಾರಿಸಲು ಬೇಕಾದ ಸಾಮಗ್ರಿಯಲ್ಲಿ ಫೋಲೇಟ್ ಒಂದು. ತಾಯಿಯ ರಕ್ತದಲ್ಲಿ ಅದು ಕಡಿಮೆಯಿದ್ದರೆ, ಕೆಲಸ ನಿಧಾನವಾಗಿ ಅಂಚು ಕೂಡುವ ಗಳಿಗೆ ತಪ್ಪಿಹೋಗುವ ಸಂಭವ ಹೆಚ್ಚು. ಸೊಪ್ಪಿನಲ್ಲಿ ಇರುವುದು ಫೋಲೇಟ್, ಮಾತ್ರೆಯಲ್ಲಿ ಇರುವ ಅದರ ರೂಪ ಫೋಲಿಕ್ ಆಮ್ಲ.

ಕ್ಯಾಲೆಂಡರ್ ತೆಗೆದು ನೋಡಿ

ಗೋಡೆಯ ಮೇಲಿನ ಕ್ಯಾಲೆಂಡರ್ ಕೈಗೆ ತೆಗೆದುಕೊಳ್ಳಿ. ಒಬ್ಬ ಗೃಹಿಣಿಗೆ ಜನವರಿ 1ರಂದು ಮುಟ್ಟು ಬಂತು ಎಂದುಕೊಳ್ಳೋಣ. ಅವಳದು ಇಪ್ಪತ್ತೆಂಟು ದಿನದ ಕ್ರಮ. ಗರ್ಭ ಕಟ್ಟುವುದು ಹೆಚ್ಚುಕಡಿಮೆ ಜನವರಿ 15ಕ್ಕೆ. ಮುಂದಿನ ಮುಟ್ಟು ಬರಬೇಕಾದದ್ದು ಜನವರಿ 29ಕ್ಕೆ, ಬರಲಿಲ್ಲ.

ಈಗ ಮಗುವಿನ ಲೆಕ್ಕ ನೋಡಿ. ನರನಾಳದ ಅಂಚು ಕೂಡಲು ಆರಂಭವಾಗುವುದು ಗರ್ಭ ಕಟ್ಟಿದ ಸುಮಾರು 22ನೆಯ ದಿನ, ಅಂದರೆ ಫೆಬ್ರವರಿ 6. ತಲೆಯ ತುದಿ ಮುಚ್ಚುವುದು ಸುಮಾರು 25ನೆಯ ದಿನ, ಫೆಬ್ರವರಿ 9. ಕೆಳತುದಿ ಮುಚ್ಚಿ ಕೆಲಸ ಮುಗಿಯುವುದು 28ನೆಯ ದಿನದ ಹೊತ್ತಿಗೆ, ಫೆಬ್ರವರಿ 12. ಅಂದು ಆ ಜೀವ ಒಂದು ಅಕ್ಕಿಕಾಳಿನಷ್ಟೂ ಇರುವುದಿಲ್ಲ!

ನಮ್ಮ ಗೃಹಿಣಿ ಏನು ಮಾಡಿದಳು? ಹತ್ತು ದಿನ ಕಾದು ಫೆಬ್ರವರಿ 8ಕ್ಕೆ ಅಂಗಡಿಯಿಂದ ಪಟ್ಟಿ ತರಿಸಿ ಮೂತ್ರ ಪರೀಕ್ಷೆ ಮಾಡಿಕೊಂಡಳು. ಫೆಬ್ರವರಿ 20ಕ್ಕೆ ಡಾಕ್ಟರನ್ನು ಕಂಡಳು. ಮಾತ್ರೆ ಶುರುವಾದದ್ದು ನರನಾಳದ ಕೆಲಸ ಮುಗಿದು ಎಂಟು ದಿನ ಆದ ಮೇಲೆ.

"ಹಾಗಾದರೆ ಫೆಬ್ರವರಿ 8ಕ್ಕೇ ನುಂಗಿದ್ದರೆ?" ಅಂತ ಕೇಳುತ್ತೀರಿ. ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಮಾತ್ರೆ ನುಂಗಿದ ಮರುದಿನವೇ ಮೈಯಲ್ಲಿ ಫೋಲೇಟ್ ತುಂಬಿಕೊಳ್ಳುವುದಿಲ್ಲ. ಫೋಲೇಟ್ ಶೇಖರವಾಗುವುದು ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟುವಾಗ. ಹಳೆಯ ಕಣಗಳು ಹೋಗಿ ಹೊಸವು ಬರಲು ಸುಮಾರು ನಾಲ್ಕು ತಿಂಗಳು ಬೇಕು. ಆದ್ದರಿಂದ ದಿನಕ್ಕೊಂದು ಮಾತ್ರೆಯಂತೆ ತೆಗೆದುಕೊಂಡರೆ ಸಾಕಷ್ಟು ಮಟ್ಟ ಮುಟ್ಟಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಗರ್ಭ ಕಟ್ಟುವುದಕ್ಕೆ ಒಂದು ತಿಂಗಳಾದರೂ ಮೊದಲು ಶುರುಮಾಡಿ ಅನ್ನುವುದು ಕನಿಷ್ಠದ ಮಾತು. ಎರಡು ಮೂರು ತಿಂಗಳು ಮೊದಲೇ ಆದರೆ ಉತ್ತಮ. ನಮ್ಮ ಗೃಹಿಣಿ ಹಿಂದಿನ ನವೆಂಬರ್ 1ರಿಂದಲೇ ತೆಗೆದುಕೊಂಡಿದ್ದರೆ, ಫೆಬ್ರವರಿ 6ರ ಹೊತ್ತಿಗೆ ಮೂರು ತಿಂಗಳ ಶೇಖರಣೆ ಅವಳ ರಕ್ತದಲ್ಲಿರುತ್ತಿತ್ತು.

ದಿನ ಎಣಿಸಿ ಬಸಿರಾಗುವವರು ಎಷ್ಟು ಜನ? ಅದಕ್ಕೇ ಸುಲಭವಾದ ಸೂತ್ರ ಇದು: ಮಕ್ಕಳಾಗದಂತೆ ತಡೆಯುವ ಉಪಾಯ ನಿಲ್ಲಿಸಲು ಗಂಡಹೆಂಡಿರು ಮನಸ್ಸು ಮಾಡಿದ ದಿನದಿಂದಲೇ ಮಾತ್ರೆ ಶುರುವಾಗಲಿ. ಹೊಸದಾಗಿ ಮದುವೆಯಾಗಿ, ಬೇಗ ಮಗು ಬೇಕೆಂದಿರುವವರಿಗೆ ಲಗ್ನಪತ್ರಿಕೆ ಅಚ್ಚಾದ ದಿನವೇ ಒಳ್ಳೆಯ ದಿನ! ಗರ್ಭ ನಿಲ್ಲುವುದು ಆರು ತಿಂಗಳು ತಡವಾದರೂ ಅಷ್ಟೂ ದಿನ ಮುಂದುವರಿಸಬಹುದು.

ಎಷ್ಟು ತೆಗೆದುಕೊಳ್ಳಬೇಕು?

ಸಾಮಾನ್ಯವಾಗಿ ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ. ಗರ್ಭ ಮೂರು ತಿಂಗಳು ತುಂಬುವವರೆಗೆ ಇದು ಸಾಗಬೇಕು. ನಮ್ಮ ಸರ್ಕಾರದ ರಕ್ತಹೀನತೆ ತಡೆಯುವ ಕಾರ್ಯಕ್ರಮದಲ್ಲೂ ಇದೇ ಸಲಹೆಯಿದೆ. ನಾಲ್ಕನೆಯ ತಿಂಗಳಿನಿಂದ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆ ಬರುತ್ತದೆ. ಅದರಲ್ಲಿ ಕಬ್ಬಿಣವೂ ಇದೆ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಆದರೆ ಅದು ತಾಯಿಯ ರಕ್ತ ಹೆಚ್ಚಿಸಲು. ನರನಾಳದ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಕೆಂಪು ಮಾತ್ರೆಗೆ ಕಾಯಬೇಡಿ.

ಔಷಧದಂಗಡಿಯಲ್ಲಿ ಒಂದು ಗೊಂದಲ ಆಗುವುದುಂಟು. "ಫೋಲಿಕ್ ಆಸಿಡ್ ಕೊಡಿ" ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ. 400 ಮೈಕ್ರೋಗ್ರಾಂ ಅಂದರೆ 0.4 ಮಿಲಿಗ್ರಾಂ. ಐದು ಮಿಲಿಗ್ರಾಂ ಎಂದರೆ ಅದರ ಹನ್ನೆರಡೂವರೆ ಪಟ್ಟು! ಈ ದೊಡ್ಡ ಪ್ರಮಾಣ ವೈದ್ಯರು ಬರೆದುಕೊಟ್ಟವರಿಗೆ ಮಾತ್ರ. ಹಿಂದೆ ಇಂಥ ತೊಂದರೆಯ ಮಗುವಾಗಿದ್ದವರು, ಗಂಡನಿಗೋ ಹೆಂಡತಿಗೋ ಸ್ವತಃ ಈ ತೊಂದರೆ ಇರುವವರು, ಮೂರ್ಛೆರೋಗಕ್ಕೆ ಕೆಲವು ಔಷಧಿ ತೆಗೆದುಕೊಳ್ಳುತ್ತಿರುವವರು, ಸಕ್ಕರೆ ಕಾಯಿಲೆಯವರು ಬಸಿರಾಗುವ ಮೊದಲೇ ವೈದ್ಯರನ್ನು ಕಂಡು ಕೇಳಬೇಕು. ಮೂರ್ಛೆಯ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ಉಳಿದವರಿಗೆ ದೊಡ್ಡ ಮಾತ್ರೆ ಯಾಕೆ ಬೇಡ? ಮುಖ್ಯವಾಗಿ ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆ ಇರುವ ಮನೆಗಳಲ್ಲಿ ಬಿ-12 ಎಂಬ ಇನ್ನೊಂದು ಜೀವಸತ್ವ ಕಡಿಮೆ ಇರುತ್ತದೆ. ಅದರ ಕೊರತೆಯಿಂದಾಗುವ ರಕ್ತಹೀನತೆಯನ್ನು ಹೆಚ್ಚಿನ ಫೋಲಿಕ್ ಆಮ್ಲ ಮುಚ್ಚಿಡುತ್ತದೆ. ರಕ್ತ ಸರಿಯಾದಂತೆ ಕಂಡರೂ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಕೈಕಾಲು ಜೋಮು ಹಿಡಿಯುವುದು, ಪಾದದಲ್ಲಿ ಸೂಜಿ ಚುಚ್ಚಿದಂತಾಗುವುದು ಇದ್ದರೆ ಡಾಕ್ಟರಿಗೆ ಹೇಳಿ ಬಿ-12 ಪರೀಕ್ಷೆ ಮಾಡಿಸಿಕೊಳ್ಳಿ.

"ನಾವು ದಿನಾ ಸೊಪ್ಪು ತಿಂತೀವಲ್ರೀ" ಅನ್ನುವವರಿದ್ದಾರೆ. ತಿನ್ನಲೇಬೇಕು. ಪಾಲಕ್, ದಂಟು, ಹೆಸರುಕಾಳು, ಕಡಲೆ ಎಲ್ಲದರಲ್ಲೂ ಫೋಲೇಟ್ ಇದೆ. ಆದರೆ ಅದು ನೀರಿಗೆ ಇಳಿಯುತ್ತದೆ, ಕಾವಿಗೆ ಕೆಡುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಅದೂ ಚೆಲ್ಲಿಹೋಯಿತು. ಬಸಿದ ನೀರಿನಲ್ಲೇ ಸಾರು ಮಾಡುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಬಹಳ ಜಾಣತನದ ಅಡಿಗೆ! ಆದರೂ ಸೊಪ್ಪಿನ ಫೋಲೇಟನ್ನು ಮೈ ಪೂರ್ತಿ ಹೀರಿಕೊಳ್ಳುವುದಿಲ್ಲ. ಆ ಕೆಲವು ವಾರಗಳಿಗೆ ಬೇಕಾಗುವ ಮಟ್ಟವನ್ನು ಊಟವೊಂದರಿಂದಲೇ ಮುಟ್ಟುವುದು ಕಷ್ಟ. ಸೊಪ್ಪೂ ಇರಲಿ, ಮಾತ್ರೆಯೂ ಇರಲಿ.

ಇದೆಲ್ಲ ಬರಿಯ ಊಹೆಯಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರೆಲ್ಲ ಹಿಂದೆ ಒಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರು. ಅರ್ಧ ಜನಕ್ಕೆ ಗರ್ಭ ಕಟ್ಟುವ ಮೊದಲಿನಿಂದ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಮತ್ತೆ ತೊಂದರೆಯಾದ 27 ಗರ್ಭಗಳಲ್ಲಿ ಕೊಡದವರ ಪೈಕಿ 21, ಕೊಟ್ಟವರ ಪೈಕಿ 6. ವ್ಯತ್ಯಾಸ ಅಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಮೊದಲೇ ನಿಲ್ಲಿಸಿಬಿಟ್ಟರು. ಆ ಆರನ್ನೂ ನೆನಪಿನಲ್ಲಿಡಿ. ಮಾತ್ರೆ ನುಂಗಿದರೂ ಕೆಲವೊಮ್ಮೆ ತಪ್ಪುವುದಿಲ್ಲ, ಕಾರಣಗಳು ಬೇರೆಯೂ ಇವೆ. ಆದ್ದರಿಂದ ಅಂಥ ಮಗುವಿನ ತಾಯಿಯನ್ನು "ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಯಾರೂ ಅನ್ನಬಾರದು.

ಲಿವರ್ ತಟ್ಟೆಯಲ್ಲಿ ಎರಡು ಬಗೆ

ಈಗ ಇನ್ನೊಂದು ಮಾತಿಗೆ ಬರೋಣ. ಮಾಂಸ ತಿನ್ನುವ ಮನೆಗಳಲ್ಲಿ ಬಸುರಿಗೆ ಲಿವರ್ ತಂದು ಹುರಿದು ಕೊಡುವ ಪದ್ಧತಿ ಇದೆ. "ರಕ್ತ ಆಗುತ್ತೆ, ತಿನ್ನು" ಅನ್ನುತ್ತಾರೆ ಹಿರಿಯರು. ಅದರಲ್ಲಿ ಸತ್ಯ ಇದೆ. ಲಿವರಿನಲ್ಲಿ ಕಬ್ಬಿಣವೂ ಇದೆ, ಫೋಲೇಟೂ ಬೇಕಾದಷ್ಟಿದೆ. ಆದರೆ ಅದೇ ತಟ್ಟೆಯಲ್ಲಿ 'ಎ' ಜೀವಸತ್ವವೂ ರಾಶಿಯಾಗಿದೆ. ತೊಡಕು ಇರುವುದು ಅಲ್ಲಿ.

ಫೋಲಿಕ್ ಆಮ್ಲ ನೀರಿನಲ್ಲಿ ಕರಗುವಂಥದ್ದು. ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. 'ಎ' ಜೀವಸತ್ವ ಕೊಬ್ಬಿನಲ್ಲಿ ಕರಗುವಂಥದ್ದು. ಹೆಚ್ಚಾದದ್ದು ಹೋಗುವುದಿಲ್ಲ, ನಮ್ಮ ಲಿವರಿನಲ್ಲೇ ಶೇಖರವಾಗುತ್ತದೆ. ಕುರಿ, ಆಡು, ಕೋಳಿಗಳಲ್ಲೂ ಹಾಗೆಯೇ. ಅದಕ್ಕೇ ಅವುಗಳ ಲಿವರಿನಲ್ಲಿ ಅಷ್ಟೊಂದು.

ಮಗುವಿನ ಮೈ ರೂಪುಗೊಳ್ಳುವಾಗ 'ಎ' ಜೀವಸತ್ವ ಆಹಾರವಷ್ಟೇ ಅಲ್ಲ, ಅಪ್ಪಣೆ ಕೊಡುವ ಯಜಮಾನನೂ ಹೌದು. ಅದರಿಂದ ಹುಟ್ಟುವ ಒಂದು ಆಮ್ಲ ಎಳೆಯ ಕೋಶಗಳಿಗೆ "ನೀನು ಕಿವಿಯಾಗು, ನೀನು ಹೃದಯದ ನಾಳವಾಗು" ಎಂದು ಹೇಳುತ್ತದೆ. ಭ್ರೂಣ ಇದನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟೇ, ಚಿಟಿಕೆಯ ಲೆಕ್ಕದಲ್ಲಿ ತಯಾರಿಸಿಕೊಳ್ಳುತ್ತದೆ. ತಾಯಿಯ ರಕ್ತದಿಂದ ಅದು ಪ್ರವಾಹದಂತೆ ಬಂದರೆ ಎಲ್ಲ ಕೋಶಗಳಿಗೂ ಎಲ್ಲ ಅಪ್ಪಣೆಯೂ ಒಟ್ಟಿಗೆ ಕೇಳಿಸಿ ಕೆಲಸ ಕೆಡುತ್ತದೆ. ನರನಾಳದ ಅಂಚಿನಿಂದಲೇ ಹೊರಟು ಮುಖ, ಕಿವಿ, ಹೃದಯದ ಕಡೆಗೆ ಪಯಣಿಸುವ ಕೋಶಗಳಿವೆ. ಹೆಚ್ಚು ಪೆಟ್ಟು ತಿನ್ನುವವರು ಅವೇ. ಅಂದರೆ ಫೋಲೇಟ್ ಕಡಿಮೆಯಾಗಬಾರದ ವಾರಗಳೂ, 'ಎ' ಜೀವಸತ್ವ ಹೆಚ್ಚಾಗಬಾರದ ವಾರಗಳೂ ಬಹುಪಾಲು ಒಂದೇ!

'ಎ' ಜೀವಸತ್ವ ಕಡಿಮೆಯಾದರೂ ಕಷ್ಟವೇ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಫ್ರೆಡ್ ಹೇಲ್ ಎಂಬಾತ ಹಂದಿಗೆ ಈ ಜೀವಸತ್ವ ಸಿಗದ ಆಹಾರ ಕೊಟ್ಟಾಗ ಮರಿಗಳು ಕಣ್ಣುಗುಡ್ಡೆಯಿಲ್ಲದೆ ಹುಟ್ಟಿದವು. 1953ರಲ್ಲಿ ಸಿಡ್ನಿ ಕೋಲನ್ ಎಂಬ ವೈದ್ಯ ಗಬ್ಬದ ಇಲಿಗಳಿಗೆ ಅದನ್ನೇ ಅತಿಯಾಗಿ ಕೊಟ್ಟು ನೋಡಿದ. ಮರಿಗಳ ತಲೆಬುರುಡೆ ಮುಚ್ಚಿರಲಿಲ್ಲ. ಮನುಷ್ಯರಲ್ಲಿ ಇದು ಸ್ಪಷ್ಟವಾಗಿ ಕಂಡದ್ದು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯಿಂದ. ಅದು 'ಎ' ಜೀವಸತ್ವದ ಬಳಗದ್ದೇ. 1982ರಲ್ಲಿ ಅಮೆರಿಕದಲ್ಲಿ ಅದು ಬಳಕೆಗೆ ಬಂದ ಸ್ವಲ್ಪ ಕಾಲದಲ್ಲೇ, ಬಸಿರಿನಲ್ಲಿ ಅದನ್ನು ನುಂಗಿದ ತಾಯಂದಿರಿಗೆ ಕಿವಿ, ಹೃದಯ, ಮಿದುಳಿನ ದೋಷವಿರುವ ಮಕ್ಕಳಾದದ್ದು ವರದಿಯಾಯಿತು. ಮದುವೆಗೆ ಮುಂಚೆ ಮುಖ ತಿಳಿಯಾಗಲಿ ಎಂದು ಈ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ನಿಲ್ಲಿಸಿದ ಮೇಲೆ ಒಂದು ತಿಂಗಳಾದರೂ ಬಸಿರಾಗಬಾರದು.

ಮಿತಿ ಎಲ್ಲಿ?

ಬಸುರಿಯರಿಗೆ ದಿನಕ್ಕೆ 10,000 ಯೂನಿಟ್ಟಿನ ಮೇಲೆ ಹೋಗಬಾರದು ಎಂಬುದು ಒಪ್ಪಿತ ಮಿತಿ; ಅದು 3,000 ಮೈಕ್ರೋಗ್ರಾಂಗೆ ಸಮ. ಈ ಲೆಕ್ಕ ರೆಟಿನಾಲ್ ಎಂಬ ಸಿದ್ಧ ರೂಪದ 'ಎ' ಜೀವಸತ್ವಕ್ಕೆ ಮಾತ್ರ. ಇದು ಲಿವರ್, ಮೀನಿನ ಲಿವರ್ ಎಣ್ಣೆ, ಮಾತ್ರೆಗಳಲ್ಲಿ ಹೆಚ್ಚಾಗಿ ಇರುತ್ತದೆ. ನೂರು ಗ್ರಾಂ ಕುರಿ ಲಿವರಿನಲ್ಲಿ ಇಪ್ಪತ್ತು ಸಾವಿರ ಯೂನಿಟ್ಟಿಗೂ ಮೀರಿರುತ್ತದೆ. ಹಾಲು, ತುಪ್ಪ, ಮೊಟ್ಟೆಗಳಲ್ಲಿ ಇರುವುದು ಸ್ವಲ್ಪ. ಊಟದಲ್ಲಿ ತಿನ್ನುವಷ್ಟಕ್ಕೆ ಹೆದರಬೇಕಿಲ್ಲ.

ಗಜ್ಜರಿ, ಕುಂಬಳ, ನುಗ್ಗೆಸೊಪ್ಪು, ಮಾವಿನ ಹಣ್ಣುಗಳಲ್ಲಿರುವುದು ಬೇರೆ. ಅದು ಬೀಟಾ ಕೆರೋಟಿನ್, 'ಎ' ಜೀವಸತ್ವದ ಕಚ್ಚಾ ಸಾಮಗ್ರಿ. ಮೈ ತನಗೆ ಬೇಕಾದಷ್ಟನ್ನೇ ಮಾರ್ಪಡಿಸಿಕೊಂಡು ಉಳಿದದ್ದನ್ನು ಹಾಗೇ ಬಿಡುತ್ತದೆ. ಗಜ್ಜರಿ ಬಹಳ ತಿಂದರೆ ಅಂಗೈ ಹಳದಿಯಾದೀತು, ಮಗುವಿಗೆ ತೊಂದರೆಯಿಲ್ಲ. ಅದಕ್ಕೇ ಬಸುರಿಯರಿಗೆಂದೇ ಮಾಡಿದ ಒಳ್ಳೆಯ ಮಾತ್ರೆಗಳಲ್ಲಿ 'ಎ' ಜೀವಸತ್ವ ಇರುವುದೇ ಇಲ್ಲ, ಇಲ್ಲವೇ ಕಡಿಮೆ ಇರುತ್ತದೆ, ಅಥವಾ ಬೀಟಾ ಕೆರೋಟಿನ್ ರೂಪದಲ್ಲಿರುತ್ತದೆ.

ತಪ್ಪು ಹೇಗಾಗುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬಾಕೆ ಮನೆಯಲ್ಲಿದ್ದ ಟಾನಿಕ್ ಗುಳಿಗೆಯ ಡಬ್ಬಿ ತೆಗೆಯುತ್ತಾಳೆ. ಅದರಲ್ಲಿ ಫೋಲಿಕ್ ಆಮ್ಲ 200 ಮೈಕ್ರೋಗ್ರಾಂ, 'ಎ' ಜೀವಸತ್ವ 5,000 ಯೂನಿಟ್ ಎಂದು ಬರೆದಿದೆ ಎಂದುಕೊಳ್ಳಿ. 400 ಆಗಲಿ ಎಂದು ದಿನಕ್ಕೆ ಎರಡು ನುಂಗುತ್ತಾಳೆ. ಫೋಲಿಕ್ ಆಮ್ಲದ ಲೆಕ್ಕ ಸರಿಹೋಯಿತು. 'ಎ' ಮಾತ್ರ 10,000ಕ್ಕೆ ಬಂದು ನಿಂತಿತು. ಮೇಲೆ ಬಲಕ್ಕೆಂದು ಒಂದು ಚಮಚ ಕಾಡ್ ಮೀನಿನ ಲಿವರ್ ಎಣ್ಣೆ. ಅದರಲ್ಲಿ ಸುಮಾರು 4,500. ಒಟ್ಟು 14,500! ಭಾನುವಾರ ಲಿವರ್ ಹುರಿದರೆ ಆ ದಿನದ ಲೆಕ್ಕ ಇನ್ನೂ ಮೇಲೆ. ಅವಳು ತಪ್ಪು ಮಾಡಬೇಕೆಂದು ಮಾಡಲಿಲ್ಲ. ಒಂದನ್ನು ಹೆಚ್ಚಿಸಲು ಹೋಗಿ ಇನ್ನೊಂದನ್ನೂ ಹೆಚ್ಚಿಸಿದಳು.

ಆದ್ದರಿಂದ ಫೋಲಿಕ್ ಆಮ್ಲ ಬೇಕಾದರೆ ಫೋಲಿಕ್ ಆಮ್ಲದ್ದೇ ಒಂಟಿ ಮಾತ್ರೆ ತೆಗೆದುಕೊಳ್ಳಿ. ಬಹುಜೀವಸತ್ವದ ಗುಳಿಗೆ ಎರಡು ಮಾಡಬೇಡಿ. ಚೀಟಿ ಓದುವಾಗ ರೆಟಿನಾಲ್, ರೆಟಿನೈಲ್ ಅಸಿಟೇಟ್, ರೆಟಿನೈಲ್ ಪಾಮಿಟೇಟ್ ಎಂಬ ಹೆಸರುಗಳಿದ್ದರೆ ಅದು ಸಿದ್ಧ ರೂಪದ್ದು ಎಂದು ತಿಳಿಯಿರಿ. ಮುಂದಿನ ಅಂಕಿ ನೋಡಿ. ಅಂಗಡಿಗಳಲ್ಲಿ 25,000, 50,000 ಯೂನಿಟ್ಟಿನ 'ಎ' ಗುಳಿಗೆಗಳೂ ಸಿಗುತ್ತವೆ. ಅವನ್ನು ನೀವಾಗಿ ಕೊಳ್ಳಲೇಬೇಡಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಕುಡಿಸುವ 'ಎ' ದ್ರಾವಣ ಒಂದೇ ಬಾರಿಗೆ ಒಂದು, ಎರಡು ಲಕ್ಷ ಯೂನಿಟ್ಟಿನದು; ಅದು ಮಕ್ಕಳಿಗೇ ಇರಲಿ.

ಸಂಜೆ ಮಬ್ಬಿನಲ್ಲಿ ಕಣ್ಣು ಕಾಣದಂತಾದರೆ ಅದು 'ಎ' ಜೀವಸತ್ವ ಕಡಿಮೆಯಾದ ಗುರುತು. ಆಗಲೂ ಅಂಗಡಿಗೆ ಹೋಗಬೇಡಿ, ಡಾಕ್ಟರ ಬಳಿ ಹೋಗಿ. ಬಸುರಿಗೂ ಅವರು ಮಿತಿಯೊಳಗೆ ಕೊಡಬಲ್ಲರು.

ಈಗಾಗಲೇ ಬಸಿರಾಗಿ, ಮಾತ್ರೆ ನುಂಗಿಲ್ಲ, ಲಿವರ್ ಒಂದೆರಡು ಬಾರಿ ತಿಂದಿದ್ದೇನೆ ಎಂದು ನಿಮ್ಮ ಎದೆ ಹೊಡೆದುಕೊಳ್ಳುತ್ತಿದೆಯೇ? ಮಾತ್ರೆ ನುಂಗದ ತಾಯಂದಿರಲ್ಲೂ ಬಹುಪಾಲು ಮಂದಿಗೆ ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಇಂದಿನಿಂದಲೇ ಫೋಲಿಕ್ ಆಮ್ಲ ಶುರುಮಾಡಿ, ಲಿವರ್ ಮತ್ತು ಅದರ ಎಣ್ಣೆ ನಿಲ್ಲಿಸಿ, ನಡೆದದ್ದನ್ನು ಡಾಕ್ಟರಿಗೆ ಹೇಳಿ. ಹದಿನೆಂಟರಿಂದ ಇಪ್ಪತ್ತು ವಾರದೊಳಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ, ಬೆನ್ನು ಚೆನ್ನಾಗಿ ನೋಡಬಹುದು. ಅದನ್ನು ತಪ್ಪಿಸಬೇಡಿ.

ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ, ಮಗು ಬೇಕೆನ್ನುವ ಸೊಸೆಯಿದ್ದರೆ, ಈ ಪುಟವನ್ನು ಅವಳ ಕೈಗೆ ಕೊಡಿ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಮಡಚಿ ಅವಳ ಸೀರೆಯ ಪೆಟ್ಟಿಗೆಯಲ್ಲಿಟ್ಟರೂ ಸಾಕು.